ಬ್ಯಾಂಕ್ ದೂರವಾಣಿ ಕರೆಯ ದೂರು ದಾಖಲೆ

ಬ್ಯಾಂಕ್ ದೂರವಾಣಿ ಕರೆಯ ದೂರು ದಾಖಲೆ ಎಂದರೆ, ಖಾತೆಯಿಂದ ತಾನು ಒಪ್ಪದ ಹಣ ಕಡಿತವಾಗಿದೆ ಎಂದು ಗ್ರಾಹಕರು ಬ್ಯಾಂಕಿನ ಸಹಾಯವಾಣಿಗೆ ಮಾಡಿದ ಕರೆಯ ಧ್ವನಿಮುದ್ರಣವನ್ನು ಕೇಳಿ, ಅದರ ಸಾರವನ್ನು ದಿನಾಂಕ, ಸಮಯ, ಮೊತ್ತ ಮತ್ತು ಉಲ್ಲೇಖ ಸಂಖ್ಯೆಗಳೊಡನೆ ಬರೆದಿಡುವ ಲಿಖಿತ ದಾಖಲೆಯಾಗಿದೆ. ಬ್ಯಾಂಕಿನ ಕಡೆಯಲ್ಲಿ ಇದನ್ನು ಕರೆ ಸ್ವೀಕರಿಸಿದ ಸಿಬ್ಬಂದಿ ಅಥವಾ ದೂರು ವಿಭಾಗದವರು ಸಿದ್ಧಪಡಿಸುತ್ತಾರೆ. ಗ್ರಾಹಕರೂ ತಮ್ಮ ಪಾಲಿನ ದಾಖಲೆಯನ್ನು ಬರೆದಿಟ್ಟುಕೊಳ್ಳಬಹುದು. ದೂರನ್ನು ಮುಂದೆ ಪರಿಶೀಲಿಸುವ ಅಧಿಕಾರಿಗಳು ಇಪ್ಪತ್ತು ನಿಮಿಷದ ಮುದ್ರಣವನ್ನು ಪೂರ್ತಿ ಕೇಳುವುದು ಅಪರೂಪ. ಅವರು ಓದುವುದು ಸಾರಾಂಶವನ್ನು. ಆದ್ದರಿಂದ ನಷ್ಟ ಯಾರ ಪಾಲಿಗೆ ಬೀಳುತ್ತದೆ ಎಂಬುದು ಅನೇಕ ಸಂದರ್ಭಗಳಲ್ಲಿ ಈ ಅರ್ಧ ಪುಟದ ಬರಹವನ್ನು ಅವಲಂಬಿಸಿರುತ್ತದೆ.

## ನಿಯಮಗಳ ಹಿನ್ನೆಲೆ

ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು ಅನಧಿಕೃತ ವಿದ್ಯುನ್ಮಾನ ವಹಿವಾಟುಗಳಲ್ಲಿ ಗ್ರಾಹಕರ ಹೊಣೆಯನ್ನು ಮಿತಿಗೊಳಿಸಿತು. ಬ್ಯಾಂಕಿನದೂ ಅಲ್ಲದ, ಗ್ರಾಹಕರದೂ ಅಲ್ಲದ, ವ್ಯವಸ್ಥೆಯ ಬೇರೆಲ್ಲೋ ಆದ ಲೋಪದಿಂದ ಹಣ ಹೋಗಿದ್ದರೆ, ಬ್ಯಾಂಕಿನ ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ದೂರು ನೀಡಿದ ಗ್ರಾಹಕರ ಹೊಣೆ ಶೂನ್ಯ. ನಾಲ್ಕರಿಂದ ಏಳನೆಯ ಕೆಲಸದ ದಿನದೊಳಗೆ ದೂರು ನೀಡಿದರೆ ಹೊಣೆಗೆ ಒಂದು ಮಿತಿಯಿದೆ. ಸಾಮಾನ್ಯ ಉಳಿತಾಯ ಖಾತೆಗೆ ಆ ಮಿತಿ ₹10,000 ಅಥವಾ ವಹಿವಾಟಿನ ಮೊತ್ತ, ಇವೆರಡರಲ್ಲಿ ಕಡಿಮೆಯಾದದ್ದು. ಏಳು ದಿನಗಳ ನಂತರದ ದೂರುಗಳಿಗೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿ ಅನ್ವಯವಾಗುತ್ತದೆ.

ಗ್ರಾಹಕರ ನಿರ್ಲಕ್ಷ್ಯದಿಂದ, ಉದಾಹರಣೆಗೆ ಪಾವತಿಯ ಗುಪ್ತ ವಿವರಗಳನ್ನು ಮತ್ತೊಬ್ಬರಿಗೆ ತಿಳಿಸಿದ್ದರಿಂದ, ನಷ್ಟವಾಗಿದ್ದರೆ ಲೆಕ್ಕ ಬೇರೆ. ದೂರು ನೀಡುವವರೆಗಿನ ನಷ್ಟವೆಲ್ಲ ಗ್ರಾಹಕರದು. ದೂರು ನೀಡಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಗ್ರಾಹಕರೇ ಹೊಣೆ ಎಂದು ಸಾಬೀತುಪಡಿಸುವ ಭಾರವನ್ನು ಸುತ್ತೋಲೆ ಬ್ಯಾಂಕಿನ ಮೇಲೆಯೇ ಹೊರಿಸಿದೆ. ದೂರು ಬಂದ ಹತ್ತು ಕೆಲಸದ ದಿನಗಳೊಳಗೆ ವಿವಾದಿತ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮೆ ಮಾಡಬೇಕೆಂದೂ, 90 ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕೆಂದೂ ಅದು ವಿಧಿಸಿದೆ.

ಈ ನಿಯಮಗಳ ಪ್ರಕಾರ ದೂರು ದಾಖಲೆಯೊಂದು ಮುಖ್ಯವಾಗಿ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ಬ್ಯಾಂಕಿನ ಸೂಚನೆ ಗ್ರಾಹಕರಿಗೆ ಯಾವಾಗ ತಲುಪಿತು? ‘ಇದು ನನ್ನ ವಹಿವಾಟಲ್ಲ’ ಎಂದು ಅವರು ಬ್ಯಾಂಕಿಗೆ ಯಾವ ಕ್ಷಣದಲ್ಲಿ ಹೇಳಿದರು? ಗುಪ್ತ ವಿವರಗಳ ಬಗ್ಗೆ ಅವರು ನಿಜವಾಗಿ ಹೇಳಿದ್ದೇನು? ಉಳಿದ ವಿವರಗಳನ್ನು ಬ್ಯಾಂಕಿನ ಗಣಕದಿಂದ ಮತ್ತೆ ಹುಡುಕಿ ತೆಗೆಯಬಹುದು. ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳ ಉತ್ತರ ಮಾತ್ರ ಸಾಮಾನ್ಯವಾಗಿ ಧ್ವನಿಮುದ್ರಣದಲ್ಲಷ್ಟೇ ಇರುತ್ತದೆ.

## ಒಂದು ಉದಾಹರಣೆ

ಕೆಳಗಿನ ಪ್ರಸಂಗವನ್ನು ವಿವರಣೆಗಾಗಿ ಕಟ್ಟಲಾಗಿದೆ. ವ್ಯಕ್ತಿ, ಮೊತ್ತ ಮತ್ತು ಸಂಖ್ಯೆಗಳು ಕಲ್ಪಿತ. ದಿನಾಂಕಗಳು ಮತ್ತು ನಿಯಮಗಳು ನೈಜವಾದವು.

ಬೆಂಗಳೂರು ಉತ್ತರದ ಚಿಕ್ಕಬಾಣಾವರದಲ್ಲಿ ವಾಸಿಸುವ ಗ್ರಾಹಕಿಯೊಬ್ಬರಿಗೆ ಅಲ್ಲಿನ ಶಾಖೆಯಲ್ಲಿ ಉಳಿತಾಯ ಖಾತೆಯಿದೆ. 2024ರ ಆಗಸ್ಟ್ 9ರ ಶುಕ್ರವಾರ ರಾತ್ರಿ 11:42ಕ್ಕೆ ಅವರ ಡೆಬಿಟ್ ಕಾರ್ಡಿನಿಂದ ಯಾವುದೋ ಆನ್‌ಲೈನ್ ಮಳಿಗೆಗೆ ₹7,499 ಕಡಿತವಾಗುತ್ತದೆ. ಅದೇ ನಿಮಿಷದಲ್ಲಿ ಎಸ್ಎಂಎಸ್ ಬರುತ್ತದೆ. ಮರುದಿನ ಬೆಳಿಗ್ಗೆ ಅದನ್ನು ನೋಡಿದ ಅವರು ಶಾಖೆ ಮುಚ್ಚಿದೆಯೆಂದು ಸುಮ್ಮನಾಗುತ್ತಾರೆ. ಸೋಮವಾರ, ಮಂಗಳವಾರ ಕೆಲಸದ ಗಡಿಬಿಡಿಯಲ್ಲಿ ಕಳೆಯುತ್ತವೆ. ಆಗಸ್ಟ್ 14ರ ಬುಧವಾರ ಬೆಳಿಗ್ಗೆ 10:07ಕ್ಕೆ ಅವರ ಕರೆಯನ್ನು ಸಹಾಯವಾಣಿಯ ಸಿಬ್ಬಂದಿ ಸ್ವೀಕರಿಸುತ್ತಾರೆ. 19 ನಿಮಿಷಗಳ ಆ ಕರೆಯ ಮುಖ್ಯ ಭಾಗಗಳು ಹೀಗಿವೆ. ಎಡಬದಿಯ ಅಂಕಿಗಳು ಮುದ್ರಣದ ಆರಂಭದಿಂದ ಕಳೆದ ನಿಮಿಷ ಮತ್ತು ಸೆಕೆಂಡುಗಳು.

02:10 — ಗ್ರಾಹಕಿ: ‘ಮೊನ್ನೆ ಶುಕ್ರವಾರ ರಾತ್ರಿ ನನ್ ಅಕೌಂಟಿಂದ ಏಳು ಸಾವಿರದ ನಾನೂರ ತೊಂಬತ್ತೊಂಬತ್ತು ಕಟ್ ಆಗಿದೆ ಸರ್. ನಾನ್ ಏನೂ ತಗೊಂಡಿಲ್ಲ.’

04:35 — ಸಿಬ್ಬಂದಿ: ‘ಒಟಿಪಿ ಯಾರಿಗಾದ್ರೂ ಹೇಳಿದ್ರಾ ಮೇಡಂ?’ ಗ್ರಾಹಕಿ: ‘ಒಟಿಪಿ ಬಂದಿತ್ತು, ಮೆಸೇಜಲ್ಲಿ ಇದೆ. ನಾನು ನೋಡಿದ್ದೇ ಬೆಳಿಗ್ಗೆ. ಯಾರ್ಗೂ ಹೇಳಿಲ್ಲ.’

05:20 — ಗ್ರಾಹಕಿ: ‘ನಮ್ ಹುಡುಗಿ ಅದ್ಯಾವ್ದೋ ಲಿಂಕ್ ಒತ್ತಿದ್ಲಂತೆ. ಯಾವತ್ತೋ ಏನೋ, ನಂಗೊತ್ತಿಲ್ಲ.’

07:25 — ಗ್ರಾಹಕಿ: ‘ಅಯ್ಯೋ, ಈಗ ಇನ್ನೊಂದು ಮೆಸೇಜ್ ಬಂತು ನೋಡಿ! ಸಾವಿರದ ಒಂಬೈನೂರ ತೊಂಬತ್ತೊಂಬತ್ತು.’

11:30 — ಸಿಬ್ಬಂದಿ: ‘ಕಾರ್ಡ್ ಬ್ಲಾಕ್ ಆಯ್ತು ಮೇಡಂ.’

17:05 — ಸಿಬ್ಬಂದಿ ದೂರು ಸಂಖ್ಯೆಯನ್ನು ಓದಿ ಹೇಳುತ್ತಾರೆ.

ಕರೆ ಮುಗಿದೊಡನೆ ಮುಂದಿನ ಕರೆಗಾಗಿ ಅವಸರಪಡುವ ಸಿಬ್ಬಂದಿ ಬರೆಯಬಹುದಾದ ಸಾರಾಂಶ ಹೀಗಿರುತ್ತದೆ: ‘ಗ್ರಾಹಕರು ₹9,498 ವಂಚನೆಯ ಬಗ್ಗೆ ಐದು ದಿನ ತಡವಾಗಿ ದೂರು ನೀಡಿದ್ದಾರೆ. ಒಟಿಪಿ ಬಂದಿದೆ. ಲಿಂಕ್ ಒತ್ತಿದ್ದಾರೆ. 10:18ಕ್ಕೆ ಕಾರ್ಡ್ ನಿರ್ಬಂಧಿಸಲಾಗಿದೆ.’ ಇದರಲ್ಲಿ ಶುದ್ಧ ಸುಳ್ಳೆನ್ನಬಹುದಾದ ಮಾತು ಬಹಳ ಕಡಿಮೆ. ಆದರೂ ಇದನ್ನು ಓದಿದ ಪರಿಶೀಲಕರು ಇಡೀ ನಷ್ಟವನ್ನು ಗ್ರಾಹಕಿಯ ಪಾಲಿಗೆ ಹಾಕುವ ಸಂಭವವೇ ಹೆಚ್ಚು. ಅದು ಏಕೆ ಎಂಬುದನ್ನು ಮುಂದಿನ ವಿಭಾಗಗಳು ವಿವರಿಸುತ್ತವೆ.

## ದಿನಗಳ ಎಣಿಕೆ

ಕ್ಯಾಲೆಂಡರ್ ಪ್ರಕಾರ 9ರಿಂದ 14ಕ್ಕೆ ಐದು ದಿನ. ಆದರೆ ಸುತ್ತೋಲೆಯ ಎಣಿಕೆಯಲ್ಲಿ ಸೂಚನೆ ತಲುಪಿದ ದಿನವನ್ನು ಬಿಡಲಾಗುತ್ತದೆ ಮತ್ತು ಗ್ರಾಹಕರ ಮೂಲ ಶಾಖೆಯ ಕೆಲಸದ ದಿನಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. 9ನೆಯ ತಾರೀಖು ಹೀಗೆ ಹೊರಗುಳಿಯುತ್ತದೆ. 10 ಎರಡನೆಯ ಶನಿವಾರ. 2015ರ ಸೆಪ್ಟೆಂಬರ್ 1ರಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಬ್ಯಾಂಕುಗಳಿಗೆ ರಜೆ. 11 ಭಾನುವಾರ. ಸೋಮವಾರ ಮೊದಲನೆಯ ಕೆಲಸದ ದಿನ, ಮಂಗಳವಾರ ಎರಡನೆಯದು, ಕರೆ ಮಾಡಿದ ಬುಧವಾರ ಮೂರನೆಯದು. ಅಂದರೆ ದೂರು ಅವಧಿಯೊಳಗೇ ಬಂದಿದೆ.

‘ಐದು ದಿನ ತಡ’ ಎಂದು ಬರೆದರೆ ಪ್ರಕರಣ ನಾಲ್ಕರಿಂದ ಏಳು ದಿನಗಳ ವರ್ಗಕ್ಕೆ ಸರಿಯುತ್ತದೆ. ಆ ವರ್ಗದಲ್ಲಿ ಹೊಣೆಯ ಮಿತಿ ₹10,000 ಆಗಿದ್ದು, ಮೊದಲ ವಹಿವಾಟಿನ ಮೊತ್ತ ಅದಕ್ಕಿಂತ ಕಡಿಮೆಯಿರುವುದರಿಂದ ₹7,499 ಪೂರ್ತಿಯಾಗಿ ಗ್ರಾಹಕಿಯ ನಷ್ಟವಾಗುತ್ತದೆ. ಮಿತಿ ಎಂಬ ಪದ ಸಣ್ಣ ಮೊತ್ತದ ದೂರುದಾರರಿಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅವರಿಗೆ ನಿಜವಾದ ರಕ್ಷಣೆಯಿರುವುದು ಮೊದಲ ಮೂರು ದಿನಗಳಲ್ಲಿ ಮಾತ್ರ.

ಮೂಲ ಶಾಖೆಯ ಹೆಸರು ದಾಖಲೆಯಲ್ಲಿ ಇರಬೇಕಾದ ಕಾರಣವೂ ಇದೇ. ಸಹಾಯವಾಣಿ ಕೇಂದ್ರ ಬೇರೊಂದು ರಾಜ್ಯದಲ್ಲಿರಬಹುದು. ರಜಾದಿನಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತವೆ. ನವೆಂಬರ್ 1ರ ಕನ್ನಡ ರಾಜ್ಯೋತ್ಸವ ಚಿಕ್ಕಬಾಣಾವರದ ಶಾಖೆಗೆ ರಜೆ. ಬೇರೆ ರಾಜ್ಯದಲ್ಲಿ ಕುಳಿತು ಕರೆ ಸ್ವೀಕರಿಸುವವರಿಗೆ ಅದು ಸಾಮಾನ್ಯ ಕೆಲಸದ ದಿನವಾಗಿ ಕಾಣಬಹುದು. ಸಾರಾಂಶ ಬರೆಯುವವರು ‘ಇಷ್ಟು ದಿನ ತಡ’ ಎಂಬ ತೀರ್ಮಾನವನ್ನು ಬಿಟ್ಟು, ಸೂಚನೆ ತಲುಪಿದ ದಿನಾಂಕ, ದೂರಿನ ದಿನಾಂಕ ಮತ್ತು ಶಾಖೆಯ ಹೆಸರನ್ನಷ್ಟೇ ಬರೆಯುವುದು ಹೆಚ್ಚು ಸುರಕ್ಷಿತ.

ಆಡುಮಾತಿನ ಕಾಲಸೂಚಕ ಪದಗಳೂ ಎಡವಿಸುತ್ತವೆ. ‘ಮೊನ್ನೆ’ ಎಂದರೆ ನಿಘಂಟಿನ ಪ್ರಕಾರ ನಿನ್ನೆಯ ಹಿಂದಿನ ದಿನ. ಆದರೆ ಮಾತಿನಲ್ಲಿ ಕೆಲವು ದಿನಗಳ ಹಿಂದಿನ ಯಾವ ದಿನವನ್ನಾದರೂ ಮೊನ್ನೆ ಎನ್ನುವುದುಂಟು. ಬುಧವಾರದ ಕರೆಯ ‘ಮೊನ್ನೆ’ಯನ್ನು ಕನ್ನಡ ಅರೆಬರೆ ಬಲ್ಲ ಸಿಬ್ಬಂದಿ ಸೋಮವಾರವೆಂದು ಬರೆದರೆ ವಹಿವಾಟಿನ ದಿನಾಂಕವೇ ತಪ್ಪಾಗುತ್ತದೆ. ‘ಶುಕ್ರವಾರ ರಾತ್ರಿ ಹನ್ನೆರಡೂವರೆ’ ಎನ್ನುವವರ ವಹಿವಾಟು ಬ್ಯಾಂಕಿನ ಪುಸ್ತಕದಲ್ಲಿ ಶನಿವಾರದ್ದಾಗಿರುತ್ತದೆ. ಇಂತಹ ಕಡೆ ಮಾತನ್ನು ಹಾಗೆಯೇ ಉಳಿಸಿಕೊಂಡು, ಎಸ್ಎಂಎಸ್‌ನಲ್ಲಿರುವ ದಿನಾಂಕ ಮತ್ತು ಸಮಯವನ್ನು ಪಕ್ಕದಲ್ಲಿ ಬರೆಯುವುದು ವಾಡಿಕೆ.

## ದೂರಿನ ಕ್ಷಣ

ಉದಾಹರಣೆಯಲ್ಲಿ ಎರಡನೆಯ ಕಡಿತದ ಎಸ್ಎಂಎಸ್ ಕರೆಯ ನಡುವೆಯೇ ಬಂದಿದೆ. ಮುದ್ರಣದ ಅಂಕಿಯನ್ನು ಗಡಿಯಾರದ ಸಮಯಕ್ಕೆ ಪರಿವರ್ತಿಸಿದಾಗ ಕ್ರಮ ಸ್ಪಷ್ಟವಾಗುತ್ತದೆ. 10:07ಕ್ಕೆ 02:10 ಕೂಡಿಸಿದರೆ, ಮೊದಲ ವಹಿವಾಟು ತನ್ನದಲ್ಲವೆಂದು ಗ್ರಾಹಕಿ ಹೇಳಿದ್ದು 10:09ಕ್ಕೆ. ಎರಡನೆಯ ಕಡಿತ 10:14ಕ್ಕೆ. ಕಾರ್ಡನ್ನು ನಿರ್ಬಂಧಿಸಿದ್ದು 10:18ಕ್ಕೆ.

ನಿಯಮ ಲೆಕ್ಕಕ್ಕೆ ಹಿಡಿಯುವುದು ಗ್ರಾಹಕರು ತಿಳಿಸಿದ ಸಮಯವನ್ನು. ಬ್ಯಾಂಕ್ ಕಾರ್ಡ್ ನಿರ್ಬಂಧಿಸಿದ ಸಮಯವನ್ನಲ್ಲ. ಗ್ರಾಹಕಿ 10:09ಕ್ಕೆ ತಿಳಿಸಿದ ಮೇಲೆ ಹೋದ ₹1,999, ಮೊದಲ ಕಡಿತದಲ್ಲಿ ಅವರ ನಿರ್ಲಕ್ಷ್ಯವಿತ್ತೆಂದು ಮುಂದೆ ತೀರ್ಮಾನವಾದರೂ, ಬ್ಯಾಂಕಿನ ಹೊಣೆ. ಸಾರಾಂಶದಲ್ಲಿ 10:18 ಮಾತ್ರ ಉಳಿದುಬಿಟ್ಟರೆ ಎರಡನೆಯ ಕಡಿತ ದೂರಿಗೆ ಮುಂಚಿನದೆಂದು ಕಾಣುತ್ತದೆ. ಬ್ಯಾಂಕಿನ ಗಣಕವು ಕಾರ್ಡ್ ನಿರ್ಬಂಧಿಸಿದ ಸಮಯವನ್ನು ತಾನಾಗಿಯೇ ದಾಖಲಿಸುತ್ತದೆ; ಗ್ರಾಹಕರು ಬಾಯಿಬಿಟ್ಟು ಹೇಳಿದ ಕ್ಷಣವನ್ನು ಯಾರಾದರೂ ಕೇಳಿ ಬರೆಯಬೇಕು. ಈ ಬಗೆಯ ದಾಖಲೆಗಳಲ್ಲಿ ಅತಿ ಹೆಚ್ಚು ಕಳೆದುಹೋಗುವ ವಿವರ ಬಹುಶಃ ಇದೇ.

ಎರಡೂ ಮೊತ್ತಗಳನ್ನು ಕೂಡಿಸಿ ₹9,498 ಎಂದು ಬರೆದದ್ದು ಇದೇ ಕಾರಣಕ್ಕೆ ತಪ್ಪು. ಎರಡು ಕಡಿತಗಳ ಹೊಣೆಯ ಪ್ರಶ್ನೆ ಬೇರೆಬೇರೆಯಾಗಿರುವುದರಿಂದ ಅವು ಪ್ರತ್ಯೇಕ ಸಾಲುಗಳಲ್ಲಿ ಬರಬೇಕು. ಕರೆಯ ಮುದ್ರಣ ಯಾವಾಗ ಆರಂಭವಾಗುತ್ತದೆ ಎಂಬುದನ್ನೂ ಪರೀಕ್ಷಿಸಬೇಕಾಗುತ್ತದೆ. ಕೆಲವು ವ್ಯವಸ್ಥೆಗಳಲ್ಲಿ ‘ಕನ್ನಡಕ್ಕಾಗಿ ಒತ್ತಿ’ ಎಂಬ ಯಾಂತ್ರಿಕ ಸೂಚನೆಗಳಿಂದಲೇ ಮುದ್ರಣ ಶುರುವಾದರೆ, ಇನ್ನು ಕೆಲವದರಲ್ಲಿ ಸಿಬ್ಬಂದಿ ಕರೆ ಎತ್ತಿದ ಮೇಲೆ ಶುರುವಾಗುತ್ತದೆ. ಈ ವ್ಯತ್ಯಾಸವನ್ನು ಮರೆತರೆ ಐದಾರು ನಿಮಿಷ ಹಿಂದುಮುಂದಾಗುವುದು ಸುಲಭ. ಉದಾಹರಣೆಯಲ್ಲಿ ದೂರಿನ ಕ್ಷಣಕ್ಕೂ ಎರಡನೆಯ ಕಡಿತಕ್ಕೂ ಇರುವ ಅಂತರವೂ ಅಷ್ಟೇ.

## ಹೇಳಿಕೆಯ ಭಾಷೆ

ಒಟಿಪಿ ‘ಬಂತು’ ಎನ್ನುವುದಕ್ಕೂ ಒಟಿಪಿ ‘ಕೊಟ್ಟೆ’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ಫೋನಿಗೆ ಸಂದೇಶ ತಲುಪಿದೆ ಎಂಬ ಸಂಗತಿ. ಎರಡನೆಯದು ಗುಪ್ತ ವಿವರವನ್ನು ಹಂಚಿಕೊಂಡೆನೆಂಬ ಒಪ್ಪಿಗೆ. ‘ಒಟಿಪಿ ಬಂದಿದೆ’ ಎಂದು ಬರೆದು ‘ಯಾರಿಗೂ ಹೇಳಿಲ್ಲ’ ಎಂಬ ಮಾತನ್ನು ಬಿಟ್ಟರೆ, ಓದುವವರು ಅದನ್ನು ಒಪ್ಪಿಗೆಯೆಂದೇ ಭಾವಿಸುತ್ತಾರೆ.

ಇನ್ನೂ ಸೂಕ್ಷ್ಮವಾದದ್ದು ಲಿಂಕಿನ ವಿಷಯ. ‘ಒತ್ತಿದ್ಲಂತೆ’ ಎಂಬಲ್ಲಿನ ‘ಅಂತೆ’ ಪ್ರತ್ಯಯವು ತಾನು ಕಂಡದ್ದನ್ನಲ್ಲ, ಮತ್ತೊಬ್ಬರಿಂದ ಕೇಳಿದ್ದನ್ನು ಹೇಳುತ್ತಿದ್ದೇನೆ ಎಂಬುದನ್ನು ಕನ್ನಡದಲ್ಲಿ ಸ್ಪಷ್ಟಪಡಿಸುತ್ತದೆ. ಒತ್ತಿದವರು ಗ್ರಾಹಕಿಯಲ್ಲ, ಅವರ ಮನೆಯ ಹುಡುಗಿ. ಯಾವ ದಿನವೆಂಬುದು ತಿಳಿಯದು. ಲಿಂಕ್ ಒತ್ತಿದ ಮೇಲೆ ಯಾವುದಾದರೂ ವಿವರ ತುಂಬಿಸಿದಳೇ ಎಂಬುದನ್ನು ಯಾರೂ ಕೇಳಿಲ್ಲ. ಅವಸರದ ಸಾರಾಂಶದಲ್ಲಿ ‘ಅಂತೆ’ ಬಿದ್ದುಹೋಗಿ, ಕರ್ತೃವೂ ಬದಲಾಗಿ, ‘ಗ್ರಾಹಕರು ಲಿಂಕ್ ಒತ್ತಿದ್ದಾರೆ’ ಎಂಬ ನೇರ ಒಪ್ಪಿಗೆ ಹುಟ್ಟಿಕೊಂಡಿದೆ. ಕನ್ನಡದ ಕರೆಯನ್ನು ಇಂಗ್ಲಿಷಿನಲ್ಲಿ ಸಾರಾಂಶಗೊಳಿಸುವಾಗ ಈ ಅಪಾಯ ಇಮ್ಮಡಿಯಾಗುತ್ತದೆ, ಏಕೆಂದರೆ ಅಲ್ಲಿ ಇದಕ್ಕೆ ಸಮನಾದ ಪ್ರತ್ಯಯವಿಲ್ಲ. ‘ಕೇಳಿದ ಮಾತು’ ಎಂದು ಬಿಡಿಸಿಯೇ ಬರೆಯಬೇಕು. ಹೊಣೆಯನ್ನು ನಿರ್ಧರಿಸುವ ಇಂತಹ ಒಂದೆರಡು ವಾಕ್ಯಗಳನ್ನು ಸಾರಾಂಶಗೊಳಿಸದೆ, ಮುದ್ರಣದ ನಿಮಿಷದೊಡನೆ ಗ್ರಾಹಕರ ಮಾತಿನಲ್ಲೇ ಉದ್ಧರಿಸುವುದು ಉತ್ತಮ ಕ್ರಮ.

ದೂರುದಾರರ ಪರವಾಗಿಯೂ ಬರೆಯುವವರು ತೀರ್ಪು ನೀಡಬಾರದು. ‘ವಂಚನೆ ನಡೆದಿದೆ’ ಎಂಬುದು ತನಿಖೆಯ ನಂತರ ಬರಬಹುದಾದ ತೀರ್ಮಾನ. ಕರೆಯಿಂದ ತಿಳಿಯುವುದು ‘ವಹಿವಾಟನ್ನು ತಾನು ಮಾಡಿಲ್ಲವೆಂದು ಗ್ರಾಹಕರು ಹೇಳಿದ್ದಾರೆ’ ಎಂಬುದಷ್ಟೆ.

‘ಕಟ್ ಆಗಿದೆ’ ಎಂಬ ಮಾತು ದೂರಿನ ವರ್ಗವನ್ನು ಹೇಳುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಎಟಿಎಂನಲ್ಲಿ ನೋಟು ಬಾರದೆ ಖಾತೆಯಿಂದ ಹಣ ಹೋದಾಗಲೂ ಜನ ಇದೇ ಮಾತನ್ನು ಬಳಸುತ್ತಾರೆ. ಆದರೆ ಅದು ವಿಫಲ ವಹಿವಾಟು. ಅದಕ್ಕೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಅನ್ವಯಿಸುತ್ತದೆ. ವಹಿವಾಟಿನ ದಿನದ ನಂತರ ಐದು ದಿನಗಳೊಳಗೆ ಹಣ ತಾನಾಗಿಯೇ ಮರಳಬೇಕು. ತಪ್ಪಿದರೆ ದಿನಕ್ಕೆ ₹100ರಂತೆ ಬ್ಯಾಂಕ್ ಪರಿಹಾರ ಕೊಡಬೇಕು. ಅಂತಹ ದೂರನ್ನು ‘ಅನಧಿಕೃತ’ ಎಂದು ವರ್ಗೀಕರಿಸಿದರೆ ಈ ಸರಳ ಮಾರ್ಗ ತಪ್ಪಿ, ತನಿಖೆಯ ಉದ್ದನೆಯ ಸಾಲಿಗೆ ಸೇರಿಬಿಡುತ್ತದೆ.

## ಉಲ್ಲೇಖ ಸಂಖ್ಯೆಗಳು

ಒಂದು ಕರೆಯಲ್ಲಿ ಹಲವು ಸಂಖ್ಯೆಗಳು ಕೇಳಿಬರುತ್ತವೆ. ಅವುಗಳಲ್ಲಿ ಎರಡು ಬಗೆಯವು ಮುಖ್ಯ. ಮೊದಲನೆಯದು ದೂರಿಗೆ ಬ್ಯಾಂಕ್ ಕೊಡುವ ದೂರು ಸಂಖ್ಯೆ. ದೂರು ಸ್ವೀಕರಿಸಿದ ತಕ್ಷಣ ಸಂಖ್ಯೆಸಹಿತವಾಗಿ ಸ್ವೀಕೃತಿ ನೀಡಬೇಕೆಂದು 2017ರ ಸುತ್ತೋಲೆಯೇ ಹೇಳುತ್ತದೆ. ಎರಡನೆಯದು ಪ್ರತಿ ವಹಿವಾಟಿಗೂ ಪಾವತಿ ವ್ಯವಸ್ಥೆ ಕೊಡುವ 12 ಅಂಕಿಗಳ ಉಲ್ಲೇಖ ಸಂಖ್ಯೆ. ಬ್ಯಾಂಕ್ ಸಿಬ್ಬಂದಿ ಅದನ್ನು ಆರ್‌ಆರ್‌ಎನ್ ಎನ್ನುತ್ತಾರೆ. ದೂರು ಸಂಖ್ಯೆಯಿಂದ ಬ್ಯಾಂಕಿನೊಳಗಿನ ಕಡತ ಸಿಗುತ್ತದೆ. ಆರ್‌ಆರ್‌ಎನ್‌ನಿಂದ ಹಣ ಎಲ್ಲಿಗೆ ಹೋಯಿತೆಂಬುದನ್ನು ಹಿಂಬಾಲಿಸಬಹುದು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಎರಡೂ ಸಿಗುವುದಿಲ್ಲ.

ಆರ್‌ಆರ್‌ಎನ್‌ನ ಮೊದಲ ನಾಲ್ಕು ಅಂಕಿಗಳು ಸಾಮಾನ್ಯವಾಗಿ ದಿನಾಂಕವನ್ನು ಸೂಚಿಸುತ್ತವೆ. ಮೊದಲನೆಯದು ಇಸವಿಯ ಕೊನೆಯ ಅಂಕಿ, ಮುಂದಿನ ಮೂರು ವರ್ಷದಲ್ಲಿ ಅದು ಎಷ್ಟನೆಯ ದಿನವೆಂಬುದು. 2024 ಅಧಿಕ ವರ್ಷವಾದ್ದರಿಂದ ಆಗಸ್ಟ್ 9 ಅದರ 222ನೆಯ ದಿನ, ಆಗಸ್ಟ್ 14 ಅದರ 227ನೆಯ ದಿನ. ಹಾಗಾಗಿ ಉದಾಹರಣೆಯ ಮೊದಲ ಸಂಖ್ಯೆ 4222ರಿಂದಲೂ ಎರಡನೆಯದು 4227ರಿಂದಲೂ ಆರಂಭವಾಗಬೇಕೆಂದು ನಿರೀಕ್ಷಿಸಬಹುದು. ಬರೆದುಕೊಂಡ ಸಂಖ್ಯೆ ಇದಕ್ಕೆ ಹೊಂದದಿದ್ದರೆ ಮುದ್ರಣವನ್ನು ಮತ್ತೆ ಕೇಳಬೇಕು. ಎಲ್ಲ ವ್ಯವಸ್ಥೆಗಳೂ ಈ ಕ್ರಮವನ್ನು ಅನುಸರಿಸುವುದಿಲ್ಲವಾದ್ದರಿಂದ ಇದನ್ನು ತಪ್ಪು ಹುಡುಕುವ ಸಾಧನವಾಗಿ ಬಳಸಬೇಕೇ ಹೊರತು, ಕೇಳಿಸದ ಅಂಕಿಯನ್ನು ಊಹಿಸಿ ತುಂಬುವುದಕ್ಕಲ್ಲ.

ಕೇಳಿಸದಿರುವುದು ಸಾಮಾನ್ಯ. ಚಿಕ್ಕಬಾಣಾವರ ರೈಲು ಜಂಕ್ಷನ್. ತುಮಕೂರು ಮತ್ತು ಹಾಸನದ ಮಾರ್ಗಗಳು ಕವಲೊಡೆಯುವುದು ಅಲ್ಲಿ. ಹಳಿಯ ಪಕ್ಕದ ಮನೆಯಿಂದ ಮಾಡಿದ ಕರೆಯಲ್ಲಿ ಒಂದು ರೈಲು ಹಾದುಹೋದರೆ ನಾಲ್ಕಾರು ಅಂಕಿಗಳು ಮುಳುಗಿಹೋಗುತ್ತವೆ. ಇಂಗ್ಲಿಷಿನಲ್ಲಿ ಅಂಕಿ ಹೇಳುವಾಗ ಸೊನ್ನೆಗೆ ‘ಓ’ ಎನ್ನುವ, ಎರಡು ಸಲ ಬರುವ ಅಂಕಿಗೆ ‘ಡಬಲ್’ ಎನ್ನುವ ರೂಢಿಯೂ ಗೊಂದಲಕ್ಕೆ ಕಾರಣ. ಸಂಖ್ಯೆಯನ್ನು ಗ್ರಾಹಕರು ಒಂದೊಂದೇ ಅಂಕಿಯಾಗಿ ಮರಳಿ ಓದಿದ್ದಾರೆಯೇ ಎಂದು ಮುದ್ರಣದಲ್ಲಿ ನೋಡಬೇಕು. ಓದಿಲ್ಲದಿದ್ದರೆ ಬ್ಯಾಂಕ್ ಕಳುಹಿಸುವ ಎಸ್ಎಂಎಸ್‌ನೊಡನೆ ತಾಳೆ ಮಾಡಬೇಕು. ತಾಳೆ ಮಾಡಲಾಗದ ಅಂಕಿಯ ಜಾಗದಲ್ಲಿ ‘ಕೇಳಿಸಲಿಲ್ಲ’ ಎಂದೇ ಬರೆಯಬೇಕು.

ಕೆಲವು ಸಂಖ್ಯೆಗಳು ದಾಖಲೆಗೆ ಬರಲೇಬಾರದು. ಗಾಬರಿಯಾದ ಗ್ರಾಹಕರು ಕೇಳದಿದ್ದರೂ ಕಾರ್ಡಿನ ಪೂರ್ಣ ಸಂಖ್ಯೆ, ಹಿಂಬದಿಯ ಮೂರು ಅಂಕಿಗಳ ಸಿವಿವಿ, ಕೆಲವೊಮ್ಮೆ ಪಿನ್ ಕೂಡ ಹೇಳಿಬಿಡುತ್ತಾರೆ. ಕಾರ್ಡಿನ ಕೊನೆಯ ನಾಲ್ಕು ಅಂಕಿಗಳು ಸಾಕು. ಸಿವಿವಿ ಮತ್ತು ಪಿನ್‌ಗಳನ್ನು ಧ್ವನಿಮುದ್ರಣದಲ್ಲಿ ಉಳಿಸಿಕೊಳ್ಳುವುದನ್ನೂ ಕಾರ್ಡ್ ಉದ್ಯಮದ ಭದ್ರತಾ ಮಾನದಂಡ ಒಪ್ಪುವುದಿಲ್ಲ. ಸಾರಾಂಶದಲ್ಲಿ ಅವುಗಳನ್ನು ಬರೆಯುವುದು ಹೊಸದೊಂದು ಸೋರಿಕೆಗೆ ದಾರಿ.

## ಸಿದ್ಧ ದಾಖಲೆಯ ರೂಪ

ಮೇಲಿನ ಕರೆಯಿಂದ ಸಿದ್ಧವಾಗಬಹುದಾದ ದಾಖಲೆ ಹೀಗಿರುತ್ತದೆ:

```
ದೂರು ಸಂಖ್ಯೆ: 2408140663 (10:24ಕ್ಕೆ ತಿಳಿಸಿದ್ದು; ಎಸ್ಎಂಎಸ್‌ನೊಡನೆ ತಾಳೆಯಾಗಿದೆ)
ಕರೆ: 14-08-2024, 10:07 – 10:26
ಖಾತೆ: ಉಳಿತಾಯ; ಮೂಲ ಶಾಖೆ: ಚಿಕ್ಕಬಾಣಾವರ
ಕಾರ್ಡ್: ಡೆಬಿಟ್, ಕೊನೆಯ ಅಂಕಿಗಳು 4417
ವರ್ಗ: ಗ್ರಾಹಕರು ತಮ್ಮದಲ್ಲವೆನ್ನುವ ಕಾರ್ಡ್ ವಹಿವಾಟು

ಕಡಿತ 1: ₹7,499; 09-08-2024, 23:42; ಆರ್‌ಆರ್‌ಎನ್ 422218306517
  ಎಸ್ಎಂಎಸ್ ತಲುಪಿದ್ದು: 09-08-2024, 23:42
  ಬ್ಯಾಂಕಿಗೆ ತಿಳಿಸಿದ್ದು: 14-08-2024, 10:09 (ಮುದ್ರಣ 02:10)
ಕಡಿತ 2: ₹1,999; 14-08-2024, 10:14; ಆರ್‌ಆರ್‌ಎನ್ 422704519082
  ಕರೆಯ ನಡುವೆ, ಮೊದಲ ದೂರಿನ ನಂತರ ಆದದ್ದು (ಮುದ್ರಣ 07:25)
ಕಾರ್ಡ್ ನಿರ್ಬಂಧ: 10:18 (ಮುದ್ರಣ 11:30)

ಹೇಳಿಕೆ: "ಒಟಿಪಿ ಬಂದಿತ್ತು... ಯಾರ್ಗೂ ಹೇಳಿಲ್ಲ." (04:35)
  "ನಮ್ ಹುಡುಗಿ ಅದ್ಯಾವ್ದೋ ಲಿಂಕ್ ಒತ್ತಿದ್ಲಂತೆ." (05:20; ಕೇಳಿದ ಮಾತು)
ಕೇಳದೆ ಉಳಿದದ್ದು: ಲಿಂಕಿನಲ್ಲಿ ವಿವರ ತುಂಬಿಸಲಾಯಿತೇ, ಯಾವಾಗ
```

ಕೊನೆಯ ಸಾಲು ವಿಶೇಷವಾಗಿ ಉಪಯುಕ್ತ. ಕರೆಯಲ್ಲಿ ಕೇಳದ ಪ್ರಶ್ನೆಯನ್ನು ದಾಖಲೆ ತೋರಿಸದಿದ್ದರೆ, ಮುಂದಿನ ಓದುಗರು ಆ ಮೌನವನ್ನು ತಮಗೆ ತೋಚಿದ ಉತ್ತರದಿಂದ ತುಂಬಿಕೊಳ್ಳುತ್ತಾರೆ. ತೋರಿಸಿದರೆ ತನಿಖಾಧಿಕಾರಿ ಮೊದಲು ಮರುಕರೆ ಮಾಡಿ ಕೇಳುವ ಪ್ರಶ್ನೆ ಅದೇ ಆಗುತ್ತದೆ.

## ಗ್ರಾಹಕರ ಬಳಿಯ ಪ್ರತಿ ಮತ್ತು ಒಂಬುಡ್ಸ್‌ಮನ್

ಬ್ಯಾಂಕಿನ ಧ್ವನಿಮುದ್ರಣ ಗ್ರಾಹಕರ ಕೈಯಲ್ಲಿರುವುದಿಲ್ಲ. ಆದ್ದರಿಂದ ಕರೆ ಮುಗಿದ ದಿನವೇ, ದೂರು ಸಂಖ್ಯೆ, ಕರೆಯ ಸಮಯ, ಎರಡು ಕಡಿತಗಳ ವಿವರ ಮತ್ತು ತಾನು ಹೇಳಿದ ಮಾತನ್ನು ಬರೆದು ಬ್ಯಾಂಕಿಗೆ ಇಮೇಲ್ ಕಳುಹಿಸುವುದು ರೂಢಿಯಲ್ಲಿದೆ. ಮೇಲಿನಂತಹ ಪ್ರಸಂಗಗಳಲ್ಲಿ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಕರೆ ಮಾಡಲಾಗುತ್ತದೆ. ಅಲ್ಲಿ ಸಿಗುವ ಸ್ವೀಕೃತಿ ಸಂಖ್ಯೆ ಬ್ಯಾಂಕಿನ ದೂರು ಸಂಖ್ಯೆಗಿಂತ ಬೇರೆಯಾಗಿದ್ದು, ದಾಖಲೆಯಲ್ಲಿ ಪ್ರತ್ಯೇಕ ಸಾಲನ್ನು ಪಡೆಯುತ್ತದೆ.

2021ರ ನವೆಂಬರ್ 12ರಂದು ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಸಮಗ್ರ ಒಂಬುಡ್ಸ್‌ಮನ್ ಯೋಜನೆಯ ಪ್ರಕಾರ, ಮೊದಲು ಬ್ಯಾಂಕಿಗೇ ಲಿಖಿತ ದೂರು ನೀಡಿರಬೇಕು. ಬ್ಯಾಂಕ್ ದೂರನ್ನು ತಿರಸ್ಕರಿಸಿದರೆ, ಅದರ ಉತ್ತರ ತೃಪ್ತಿ ತರದಿದ್ದರೆ ಅಥವಾ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಬೇರೆ ವಿಧಾನದಲ್ಲಿ ಮಾಡಿದ ದೂರನ್ನೂ, ಅದನ್ನು ಮಾಡಿದ್ದಕ್ಕೆ ಪುರಾವೆ ಒದಗಿಸಬಲ್ಲವರಾದರೆ, ಲಿಖಿತ ದೂರೆಂದೇ ಆ ಯೋಜನೆ ಪರಿಗಣಿಸುತ್ತದೆ. ದೂರವಾಣಿ ಕರೆಗೆ ಅಂತಹ ಪುರಾವೆಯಾಗುವುದು ದೂರು ಸಂಖ್ಯೆಯಿರುವ ಎಸ್ಎಂಎಸ್ ಅಥವಾ ಇಮೇಲ್. ಉದಾಹರಣೆಯ ದೂರಿನ 30 ದಿನಗಳು 2024ರ ಸೆಪ್ಟೆಂಬರ್ 13ಕ್ಕೆ ಮುಗಿಯುತ್ತವೆ. ಬ್ಯಾಂಕ್ ಇತ್ಯರ್ಥಪಡಿಸಬೇಕಾದ 90 ದಿನಗಳು ಮುಗಿಯುವುದು ನವೆಂಬರ್ 12ಕ್ಕೆ. ಈ ಎರಡು ಅವಧಿಗಳು ಕೆಲಸದ ದಿನಗಳ ಲೆಕ್ಕವಲ್ಲ, ಕ್ಯಾಲೆಂಡರ್ ದಿನಗಳವು. ಒಂಬುಡ್ಸ್‌ಮನ್‌ಗೆ ದೂರನ್ನು cms.rbi.org.in ಜಾಲತಾಣದ ಮೂಲಕ ಸಲ್ಲಿಸಬಹುದು.

ಎಷ್ಟೇ ಅಚ್ಚುಕಟ್ಟಾಗಿದ್ದರೂ ಈ ದಾಖಲೆಯಿಂದ ಸ್ಥಾಪಿತವಾಗುವುದು ಯಾವ ಸಮಯದಲ್ಲಿ ಯಾರು ಏನು ಹೇಳಿದರು ಎಂಬುದು ಮಾತ್ರ. ಒಟಿಪಿ ಯಾರ ಕೈ ಸೇರಿತು, ವಹಿವಾಟು ಯಾವ ಸಾಧನದಿಂದ ನಡೆಯಿತು, ಸರಕು ಯಾವ ವಿಳಾಸಕ್ಕೆ ಹೋಯಿತು ಎಂಬುವು ಬ್ಯಾಂಕ್, ಕಾರ್ಡ್ ಜಾಲ ಮತ್ತು ಮಳಿಗೆಯ ಕಡತಗಳಲ್ಲಿ ಸಿಗಬೇಕಾದ ಸಂಗತಿಗಳು. ಅವನ್ನು ಹುಡುಕಲು ಬೇಕಾಗುವುದು 4222 ಮತ್ತು 4227ರಿಂದ ಆರಂಭವಾಗುವ ಆ ಎರಡು ಸಂಖ್ಯೆಗಳು.